ತೂಕ ಏರಿತು, ಬಲವೂ ಏರಿತು, ಪುಲ್ಅಪ್ ಮಾತ್ರ ಎಂಟೇ

ಬಲ ಏರಲಿ ಅಂತ ಕುಡಿಯುವ ಕ್ರಿಯೇಟಿನ್ ಪೌಡರ್ ಶುರು ಮಾಡಿ ಎರಡು ಮೂರು ವಾರ ಆಗುವಷ್ಟರಲ್ಲಿ ಪುಲ್ಅಪ್ ಮಾಡುವವರಿಂದ ಒಂದು ದೂರು ಬರುತ್ತದೆ. ಜಿಮ್‌ನಲ್ಲಿ ಬೆಂಚ್ ಪ್ರೆಸ್ ಮಾಡುವ ಗೆಳೆಯ ಅದೇ ಪೌಡರ್ ಕುಡಿದು ರಾಡಿಗೆ ಪ್ಲೇಟು ಸೇರಿಸುತ್ತಿದ್ದಾನೆ, ಖುಷಿಯಾಗಿದ್ದಾನೆ. ಇವರು ಮಾತ್ರ ಮೊದಲಿದ್ದ ಸಂಖ್ಯೆಯಲ್ಲೇ ನಿಂತಿದ್ದಾರೆ. ಒಮ್ಮೊಮ್ಮೆ ಒಂದು ಕಮ್ಮಿಯೂ ಆಗುತ್ತದೆ. ಪೌಡರ್ ಡೂಪ್ಲಿಕೇಟ್ ಇರಬೇಕು ಅಂತ ಅನುಮಾನ ಶುರುವಾಗುತ್ತದೆ. ಇಲ್ಲವೇ, ಇದೆಲ್ಲ ಸುಮ್ನೆ ಮಾರುವವರ ಆಟ ಅಂತ ಡಬ್ಬಿ ಅಟ್ಟ ಸೇರುತ್ತದೆ.

ನಮ್ಮ ಬೀದಿಯ ಹುಡುಗನೊಬ್ಬ ಸೇನಾ ಭರ್ತಿ ರ್ಯಾಲಿಗೆ ತಯಾರಿ ಮಾಡುತ್ತಿದ್ದ. ಬೆಳಿಗ್ಗೆ ಓಟ, ಸಂಜೆ ಮೈದಾನದ ಮೂಲೆಯ ಕಬ್ಬಿಣದ ಬಾರ್‌ಗೆ ನೇತಾಟ. ಪುಲ್ಅಪ್‌ಗೆ ರ್ಯಾಲಿಯ ಹುಡುಗರು ಬೀಮ್ ಅಂತಾರೆ. ಅವನ ದೂರೂ ಇದೇ. "ಅಣ್ಣ, ಪೌಡರ್ ತಗೊಂಡ್ಮೇಲೆ ತೂಕ ಜಾಸ್ತಿ ಆಯ್ತು, ಬೀಮ್ ಒಂದೂ ಜಾಸ್ತಿ ಆಗ್ಲಿಲ್ಲ. ನಿಲ್ಲಿಸ್ಬಿಡ್ಲಾ?"

ಅವನ ನೋಟ್‌ಬುಕ್ ತರಿಸಿ ನೋಡಿದೆ. ತಾರೀಕು, ಪಕ್ಕದಲ್ಲಿ ಪುಲ್ಅಪ್ ಎಷ್ಟು, ಪುಶ್ಅಪ್ ಎಷ್ಟು. ಅಷ್ಟೇ. ಆ ದಿನ ಮೈತೂಕ ಎಷ್ಟಿತ್ತು ಅನ್ನೋದು ಎಲ್ಲೂ ಇರಲಿಲ್ಲ. ಪುಣ್ಯಕ್ಕೆ ಮನೆಯಲ್ಲಿ ತೂಕದ ಯಂತ್ರ ಇತ್ತು, ಮೊಬೈಲ್‌ನಲ್ಲಿ ಅಲ್ಲೊಂದು ಇಲ್ಲೊಂದು ಬರೆದಿಟ್ಟಿದ್ದ. ಅವೆರಡನ್ನೂ ಪಕ್ಕಪಕ್ಕ ಇಟ್ಟಾಗ ಕಥೆಯೇ ಬೇರೆ ಆಯಿತು. ಈ ಬರಹದ ಪೂರ್ತಿ ವಿಷಯ ಆ ಲೆಕ್ಕವೇ.

ಮೊದಲು ಕ್ರಿಯೇಟಿನ್ ಏನು ಮಾಡುತ್ತದೆ ಅನ್ನೋದನ್ನು ನೋಡಿಕೊಂಡು ಹೋಗೋಣ. ಇಲ್ಲದಿದ್ದರೆ ಲೆಕ್ಕ ಯಾಕೆ ಹಾಗೆ ಅಂತ ಗೊತ್ತಾಗಲ್ಲ.

ಇದು ಲ್ಯಾಬಿನಲ್ಲಿ ಹುಟ್ಟಿದ ವಸ್ತುವಲ್ಲ. 1832ರಲ್ಲಿ ಫ್ರಾನ್ಸಿನ ಶೆವ್ರೂಲ್ ಎಂಬ ವಿಜ್ಞಾನಿ ಮಾಂಸದ ಸಾರಿನಲ್ಲಿ ಇದನ್ನು ಕಂಡುಕೊಂಡರು. ನಮ್ಮ ಮೈಯೇ ದಿನಕ್ಕೆ ಸುಮಾರು ಒಂದು ಗ್ರಾಂ ತಯಾರಿಸಿಕೊಳ್ಳುತ್ತದೆ. ಮಾಂಸ, ಮೀನು ತಿಂದರೆ ಇನ್ನೊಂದಿಷ್ಟು ಸಿಗುತ್ತದೆ. ಹಸಿ ಮೀನು ಅಥವಾ ಮಾಂಸ ಒಂದು ಕೆಜಿಯಲ್ಲಿ ನಾಲ್ಕೈದು ಗ್ರಾಂ ಇರುತ್ತದೆ ಅಂತ ಲೆಕ್ಕ. ಬೇಳೆ, ರಾಗಿ, ಸೊಪ್ಪು, ತರಕಾರಿಯಲ್ಲಿ ಇಲ್ಲವೇ ಇಲ್ಲ ಅನ್ನಬಹುದು. ಹಾಲಿನಲ್ಲಿ ಅತಿ ಕಮ್ಮಿ. ಹಾಗಾಗಿ ಸಸ್ಯಾಹಾರಿಗಳ ಸ್ನಾಯುವಿನಲ್ಲಿ ಇದರ ಸಂಗ್ರಹ ಸಾಮಾನ್ಯವಾಗಿ ಕಮ್ಮಿ ಇರುತ್ತದೆ, ಪೌಡರ್ ಶುರು ಮಾಡಿದಾಗ ಅವರಲ್ಲಿ ಏರಿಕೆಯೂ ಜಾಸ್ತಿ ಕಾಣುತ್ತದೆ. ದಿನಾ ಮೀನು, ಮಾಂಸ ತಿನ್ನುವವರಲ್ಲಿ ಕೆಲವರಿಗೆ ಸಂಗ್ರಹ ಮೊದಲೇ ತುಂಬಿರುತ್ತದೆ. ಅಂಥವರಿಗೆ ಎಷ್ಟು ಕುಡಿದರೂ ವ್ಯತ್ಯಾಸ ಹೆಚ್ಚೇನೂ ಸಿಗಲ್ಲ. ನಮ್ಮ ಹುಡುಗ ಮೊಟ್ಟೆಯನ್ನೂ ಮುಟ್ಟದ ಮನೆಯವನು.

ಮೈಯಲ್ಲಿರುವ ಕ್ರಿಯೇಟಿನ್‌ನಲ್ಲಿ ನೂರಕ್ಕೆ 95 ಭಾಗ ಸ್ನಾಯುಗಳಲ್ಲೇ ಇರುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಫಾಸ್ಫೋಕ್ರಿಯೇಟಿನ್ ರೂಪದಲ್ಲಿ. ಸ್ನಾಯು ಏಕಾಏಕಿ ಜೋರಾಗಿ ಕೆಲಸ ಮಾಡಬೇಕಾದಾಗ ಎಟಿಪಿ ಎಂಬ ಇಂಧನ ಕೆಲವೇ ಸೆಕೆಂಡಿನಲ್ಲಿ ಖರ್ಚಾಗುತ್ತದೆ. ಅದನ್ನು ಆ ಕ್ಷಣದಲ್ಲೇ ಮತ್ತೆ ತುಂಬುವುದು ಈ ಫಾಸ್ಫೋಕ್ರಿಯೇಟಿನ್. ಕರೆಂಟ್ ಹೋದಾಗ ಜನರೇಟರ್ ಶುರುವಾಗುವವರೆಗೆ ಮನೆಯ ಇನ್ವರ್ಟರ್ ಎಳೆಯುತ್ತದಲ್ಲ, ಅಷ್ಟೇ ಇದರ ಕೆಲಸ. ಸುಮಾರು ಹತ್ತು ಸೆಕೆಂಡಿನ ಜೋರಾದ ದುಡಿಮೆಗೆ ಇದೇ ಮುಖ್ಯ. ಅದಾದ ಮೇಲೆ ಸಕ್ಕರೆ ಉರಿಸುವ ವ್ಯವಸ್ಥೆ ಜಾಸ್ತಿ ಭಾರ ಹೊರುತ್ತದೆ. ನೀವು ಸೆಟ್ ಮುಗಿಸಿ ಕೂತಾಗ ಖರ್ಚಾದ ಫಾಸ್ಫೋಕ್ರಿಯೇಟಿನ್ ಮತ್ತೆ ತುಂಬಿಕೊಳ್ಳುತ್ತದೆ. ಮೊದಲ ಅರ್ಧ ನಿಮಿಷದಲ್ಲಿ ಬೇಗ, ಆಮೇಲೆ ನಿಧಾನ.

ಪೌಡರ್ ಕುಡಿದರೆ ಈ ಸಂಗ್ರಹ ನೂರಕ್ಕೆ 20ರಿಂದ 40ರಷ್ಟು ಹೆಚ್ಚಾಗಬಹುದು. ಆದರೆ ಕ್ರಿಯೇಟಿನ್ ಸ್ನಾಯುವಿನೊಳಗೆ ಹೋಗುವಾಗ ಒಂಟಿಯಾಗಿ ಹೋಗಲ್ಲ. ನೀರನ್ನೂ ಎಳೆದುಕೊಂಡು ಹೋಗುತ್ತದೆ. ಅದಕ್ಕೇ ಮೊದಲ ವಾರಗಳಲ್ಲಿ ಒಂದರಿಂದ ಎರಡು ಕೆಜಿ ತೂಕ ಏರುವುದು ಸಾಮಾನ್ಯ. ಕೊಬ್ಬಲ್ಲ ಅದು, ನೀರು.

ರಾಡು ಎತ್ತುವವನಿಗೆ ಈ ನೀರು ತೊಂದರೆಯೇ ಅಲ್ಲ. ಅವನು ಬೆಂಚಿನ ಮೇಲೆ ಮಲಗಿರುತ್ತಾನೆ, ಮೈತೂಕ ಬೆಂಚು ಹೊರುತ್ತದೆ. ಪುಲ್ಅಪ್ ಮಾಡುವವನು ತನ್ನನ್ನೇ ಎತ್ತಬೇಕು. ಬಲ ಸ್ವಲ್ಪ ಏರಿತು, ಎತ್ತುವ ಭಾರವೂ ಸ್ವಲ್ಪ ಏರಿತು. ನೋಟ್‌ಬುಕ್‌ನಲ್ಲಿ ಬರೆಯುವ ರೆಪ್ ಸಂಖ್ಯೆ, ಅಂದರೆ ಎಷ್ಟು ಸಲ ಎತ್ತಿದಿರಿ ಅನ್ನೋದು, ಈ ಎರಡರ ಕಿತ್ತಾಟದ ಫಲ. ಅದೊಂದನ್ನೇ ನೋಡಿದರೆ ಒಳಗೆ ಏನಾಯಿತು ಅಂತ ತಿಳಿಯಲ್ಲ.

ಈಗ ಹುಡುಗನ ಲೆಕ್ಕಕ್ಕೆ ಬರೋಣ. ಕ್ರಿಯೇಟಿನ್ ಶುರು ಮಾಡುವ ಮುಂಚೆ ಅವನ ತೂಕ 66 ಕೆಜಿ, ಪುಲ್ಅಪ್ 8. ಒಂದು ತಿಂಗಳಾದ ಮೇಲೆ ತೂಕ 67.5 ಕೆಜಿ, ಪುಲ್ಅಪ್ ಆಗಲೂ 8.

ಭಾರ ಎತ್ತುವವರು ಬಹಳ ವರ್ಷದಿಂದ ಬಳಸುವ ಒಂದು ಸೂತ್ರವಿದೆ. ಎಪ್ಲಿ ಸೂತ್ರ ಅಂತಾರೆ. ಒಂದು ಭಾರವನ್ನು ಇಷ್ಟು ಸಲ ಎತ್ತಬಲ್ಲವನು ಒಂದೇ ಒಂದು ಸಲಕ್ಕೆ ಹೆಚ್ಚೆಂದರೆ ಎಷ್ಟು ಎತ್ತಬಹುದು ಅಂತ ಅಂದಾಜು ಮಾಡುವುದು ಇದರ ಕೆಲಸ.

```
W × (1 + R / 30)
```

ಇಲ್ಲಿ W ಅಂದರೆ ಎತ್ತಿದ ಒಟ್ಟು ಭಾರ, R ಅಂದರೆ ರೆಪ್. ಪುಲ್ಅಪ್‌ನಲ್ಲಿ ಒಟ್ಟು ಭಾರ ಅಂದರೆ ಮೈತೂಕ, ಬೆನ್ನಿಗೆ ಬ್ಯಾಗು ಹಾಕಿದ್ದರೆ ಅದರ ಭಾರವೂ ಸೇರಿ. ಮೊದಲ ದಿನದ ಲೆಕ್ಕ: 66 ಕೆಜಿಗೆ 8 ರೆಪ್ ಅಂದರೆ 83.6 ಕೆಜಿ. ತಿಂಗಳಾದ ಮೇಲೆ 67.5 ಕೆಜಿಗೆ 8 ರೆಪ್ ಅಂದರೆ 85.5 ಕೆಜಿ. ಅಂದಾಜಿನಲ್ಲಿ ಸುಮಾರು 2 ಕೆಜಿ ಏರಿಕೆ.

ಅದನ್ನೇ ತಿರುಗಿಸಿ ಕೇಳಿ ನೋಡಿ. ಬಲ ಏರದೇ 83.6ರಲ್ಲೇ ನಿಂತಿದ್ದು, ತೂಕ ಮಾತ್ರ 67.5 ಆಗಿದ್ದರೆ ಎಷ್ಟು ಪುಲ್ಅಪ್ ಬರಬೇಕಿತ್ತು? ಲೆಕ್ಕ ಹಾಕಿದರೆ 7.2 ಬರುತ್ತದೆ. ಅಂದರೆ ಏಳು. ಅವನು ಎಂಟು ಮಾಡಿದ್ದಾನೆ. ಒಂದು ಪುಲ್ಅಪ್ ಗಳಿಸಿದ್ದಾನೆ, ಆದರೆ ಗಳಿಸಿದ್ದನ್ನು ಒಂದೂವರೆ ಕೆಜಿ ನೀರು ತಿಂದುಬಿಟ್ಟಿದೆ. ನೋಟ್‌ಬುಕ್‌ನಲ್ಲಿ ಎಂಟರ ಪಕ್ಕ ಮತ್ತೊಂದು ಎಂಟು.

ಇಷ್ಟಕ್ಕೇ ಹಾರಾಡಬಾರದು. ಈ ಲೆಕ್ಕದಲ್ಲಿ ಒಂದು ಓರೆಯಿದೆ. ಪುಲ್ಅಪ್ ಪೂರ್ಣ ಸಂಖ್ಯೆಯಲ್ಲೇ ಬರುತ್ತದೆ, ಎಂಟೂಕಾಲು ಅನ್ನೋದು ಇಲ್ಲ. 66 ಕೆಜಿಯವನಿಗೆ ಸೂತ್ರದಲ್ಲಿ ಒಂದು ರೆಪ್ ಅಂದರೆ 2.2 ಕೆಜಿ. ಅವತ್ತಿನ ಎಂಟು ಬಹಳ ಕಷ್ಟಪಟ್ಟು ಬಂದ ಎಂಟು ಇರಬಹುದು, ಒಂಬತ್ತಕ್ಕೆ ಗಲ್ಲ ಇನ್ನೊಂದು ಇಂಚು ಬೇಕಿದ್ದ ಎಂಟೂ ಇರಬಹುದು. ಎರಡೂ ಕಾಗದದ ಮೇಲೆ ಒಂದೇ. ಹಾಗಾಗಿ ಎರಡು ಕೆಜಿ ಆಸುಪಾಸಿನ ಬದಲಾವಣೆಯನ್ನು ಒಂದೇ ಪರೀಕ್ಷೆಯಿಂದ ನಂಬೋಕಾಗಲ್ಲ. ಇನ್ನೊಂದು ಮಾತು, ಈ ಸೂತ್ರ ಹತ್ತು ರೆಪ್‌ನ ಒಳಗೆ ಪರವಾಗಿಲ್ಲ. ಹದಿನೈದು, ಇಪ್ಪತ್ತು ಪುಲ್ಅಪ್ ಮಾಡುವವರಿಗೆ ಅಂದಾಜು ಬಹಳ ದೂರ ಹೋಗುತ್ತದೆ. ಅಲ್ಲಿ ಬಲಕ್ಕಿಂತ ತಾಳಿಕೆಯ ಪಾಲು ಜಾಸ್ತಿ.

ಇದಕ್ಕೆ ನನಗೆ ಇಷ್ಟವಾದ ದಾರಿ ಬ್ಯಾಗು. ರೆಪ್ ಎಷ್ಟು ಬರುತ್ತದೆ ಅಂತ ನೋಡುವ ಬದಲು, ರೆಪ್ ಅನ್ನು ಐದಕ್ಕೆ ಕಟ್ಟಿಹಾಕಿ. ಐದು ಚೊಕ್ಕ ಪುಲ್ಅಪ್ ಎಷ್ಟು ಭಾರದ ಜೊತೆ ಬರುತ್ತದೆ ಅಂತ ಹುಡುಕಿ. ಭಾರಕ್ಕೆ ನೀರಿನ ಬಾಟಲಿ ಸಾಕು, ಒಂದು ಲೀಟರ್ ಅಂದರೆ ಒಂದು ಕೆಜಿ. ಶಾಲೆಯ ಹಳೇ ಬ್ಯಾಗಿಗೆ ತುಂಬಿಸಿ, ಪಟ್ಟಿ ಬಿಗಿ ಮಾಡಿ. ಸಡಿಲ ಬಿಟ್ಟರೆ ಬ್ಯಾಗು ಓಲಾಡಿ ಲೆಕ್ಕ ಕೆಡಿಸುತ್ತದೆ. ಈಗ ಒಂದೊಂದು ಕೆಜಿ ಏರಿಸಿ ಅಳೆಯಬಹುದು. ರೆಪ್ ಎಣಿಸುವಾಗ ಅಳತೆಯ ಮೆಟ್ಟಿಲು ಎರಡು ಕೆಜಿಗೂ ಮೇಲಿತ್ತು, ಇಲ್ಲಿ ಅದರ ಅರ್ಧ.

ಹುಡುಗನಿಗೆ ಬ್ಯಾಗಿನ ಅಭ್ಯಾಸ ಮೊದಲಿಂದಲೂ ಇತ್ತು, ಅದು ಒಳ್ಳೇದಾಯಿತು. ಶುರುವಿನಲ್ಲಿ 7 ಕೆಜಿ ಬ್ಯಾಗಿನ ಜೊತೆ ಐದು. ತಿಂಗಳಾದ ಮೇಲೆ 9 ಕೆಜಿ ಜೊತೆ ಐದು. ಎರಡೇ ಕೆಜಿ ಜಾಸ್ತಿ ಆಗಿದ್ದು ಅಂತ ಅವನ ಲೆಕ್ಕ. ಆದರೆ ಎತ್ತಿದ್ದು ಬರೀ ಬ್ಯಾಗನ್ನಲ್ಲವಲ್ಲ. ಮೊದಲು 66 ಮತ್ತು 7 ಸೇರಿ 73. ಈಗ 67.5 ಮತ್ತು 9 ಸೇರಿ 76.5. ಮೂರೂವರೆ ಕೆಜಿ ಏರಿದೆ, ಅದೂ ಅದೇ ಐದು ರೆಪ್‌ಗೆ. ನೂರಕ್ಕೆ ಐದರ ಹತ್ತಿರ. ಇಲ್ಲಿ ಸೂತ್ರವೂ ಬೇಡ, ಬರೀ ಕೂಡುವ ಲೆಕ್ಕ. ಅದಕ್ಕೇ ಇದರ ಮೇಲೆ ನನಗೆ ಭರವಸೆ ಜಾಸ್ತಿ.

ಹಾಗಾದರೆ ಬರೀ ಮೈತೂಕದ ಪುಲ್ಅಪ್ ಎಣಿಸುವುದು ಬೇಡವಾ ಅಂದರೆ, ಬೇಕು. ಅವನಿಗಂತೂ ಬೇಕೇ ಬೇಕು. ರ್ಯಾಲಿಯಲ್ಲಿ ಬೀಮ್‌ಗೆ ಅಂಕ ಕೊಡುವ ಕ್ರಮ ಹೀಗೆ: ಹತ್ತು ಪುಲ್ಅಪ್‌ಗೆ ಪೂರ್ತಿ 40, ಒಂಬತ್ತಕ್ಕೆ 33, ಎಂಟಕ್ಕೆ 27, ಏಳಕ್ಕೆ 21, ಆರಕ್ಕೆ 16. ಒಂದೇ ಒಂದು ಪುಲ್ಅಪ್ ಹೋದರೆ ಐದರಿಂದ ಏಳು ಅಂಕ ಹೋಯಿತು. ಅಲ್ಲಿ ನಿಂತ ಹವಾಲ್ದಾರ್ ನಿಮ್ಮ ಒಟ್ಟು ಭಾರ ಎಷ್ಟು, ಎಪ್ಲಿ ಏನು ಹೇಳುತ್ತಾನೆ ಅಂತ ಕೇಳಲ್ಲ. ಗಲ್ಲ ಬಾರ್ ದಾಟಿತೋ ಇಲ್ಲವೋ, ಅಷ್ಟೇ. 1.6 ಕಿಲೋಮೀಟರ್ ಓಟಕ್ಕೂ ಅದೇ ಮೈ ಹೊತ್ತು ಓಡಬೇಕು.

ಅದಕ್ಕೇ ನೋಟ್‌ಬುಕ್‌ನಲ್ಲಿ ಎರಡೂ ಇರಬೇಕು ಅನ್ನೋದು. ಮೈತೂಕದ ರೆಪ್ ಸಂಖ್ಯೆ ನೀವು ನಿಮ್ಮ ತೂಕಕ್ಕೆ ಹೋಲಿಸಿದರೆ ಎಷ್ಟು ಬಲಶಾಲಿ ಅಂತ ಹೇಳುತ್ತದೆ. ಒಟ್ಟು ಭಾರ ಸ್ನಾಯು ನಿಜಕ್ಕೂ ಎಷ್ಟು ಎಳೆಯಿತು ಅಂತ ಹೇಳುತ್ತದೆ. ಮೊದಲ ತಿಂಗಳಲ್ಲಿ ಮೊದಲನೆಯದು ನಿಂತಲ್ಲೇ ನಿಂತು ಎರಡನೆಯದು ಏರುತ್ತಿದ್ದರೆ ಕ್ರಿಯೇಟಿನ್ ಮತ್ತು ಅಭ್ಯಾಸ ಕೆಲಸ ಮಾಡುತ್ತಿವೆ, ನೀರಿನ ತೂಕ ಅದನ್ನು ಮುಚ್ಚಿಟ್ಟಿದೆ ಅಂತ ಅರ್ಥ. ನೀರಿನ ತೂಕ ಒಂದು ಹಂತಕ್ಕೆ ಬಂದು ನಿಲ್ಲುತ್ತದೆ, ಏರುತ್ತಲೇ ಹೋಗಲ್ಲ. ಬಲ ಅಭ್ಯಾಸದಿಂದ ಏರುತ್ತಾ ಹೋಗುತ್ತದೆ. ಆಗ ರೆಪ್ ಕೂಡ ಹಿಂದೆಯೇ ಬರುತ್ತದೆ. ಎರಡೂ ನಿಂತಿದ್ದರೆ ಮಾತು ಬೇರೆ. ತೂಕ ಮೂರನೇ ತಿಂಗಳಲ್ಲೂ ಏರುತ್ತಿದ್ದರೆ ಅದನ್ನು ಕ್ರಿಯೇಟಿನ್ ತಲೆಗೆ ಕಟ್ಟಬೇಡಿ, ತಟ್ಟೆ ನೋಡಿಕೊಳ್ಳಿ.

ಹುಡುಗನಿಗೆ ನಾನು ಹೇಳಿದ ಇನ್ನೊಂದು ಮಾತು ರ್ಯಾಲಿಯ ತಾರೀಕಿನದು. ಹಲವರು ಪರೀಕ್ಷೆಗೆ ಹತ್ತು ದಿನ ಇರುವಾಗ ಡಬ್ಬಿ ಕೊಂಡು, ಅದರ ಮೇಲೆ ಬರೆದ ಹಾಗೆ ದಿನಕ್ಕೆ 20 ಗ್ರಾಂ ಲೋಡಿಂಗ್ ಶುರು ಮಾಡುತ್ತಾರೆ. ಇದಕ್ಕಿಂತ ಕೆಟ್ಟ ಸಮಯ ಇಲ್ಲ. ನೀರಿನ ತೂಕ ಪೂರ್ತಿ ಬಂದು ಕೂತಿರುತ್ತದೆ. ಆ ಹೆಚ್ಚಿನ ಸಂಗ್ರಹ ಬಳಸಿ ಮಾಡಬೇಕಾದ ತಿಂಗಳುಗಟ್ಟಲೆಯ ಅಭ್ಯಾಸ ಮಾತ್ರ ಆಗಿರಲ್ಲ. ಜೊತೆಗೆ ಒಂದೇ ಸಲಕ್ಕೆ ಜಾಸ್ತಿ ತಗೊಂಡರೆ ಹೊಟ್ಟೆ ಕೆಡುವುದೂ ಉಂಟು. ಶುರು ಮಾಡೋದಾದರೆ ಮೂರು ತಿಂಗಳು ಮುಂಚೆ, ಇಲ್ಲದಿದ್ದರೆ ಆ ರ್ಯಾಲಿಗೆ ಅದರ ಸುದ್ದಿಯೇ ಬೇಡ.

ಲೋಡಿಂಗ್ ಬೇಕೇ ಬೇಕು ಅಂತೇನಿಲ್ಲ. 1996ರಲ್ಲಿ ಹಲ್ಟ್‌ಮನ್ ಮತ್ತು ಜೊತೆಯವರು ಇದನ್ನು ಅಳೆದು ನೋಡಿದ್ದಾರೆ. ದಿನಕ್ಕೆ 20 ಗ್ರಾಂ ಹಾಗೆ ಆರು ದಿನ ಕೊಟ್ಟರೆ ಸ್ನಾಯುವಿನ ಸಂಗ್ರಹ ಎಲ್ಲಿಗೆ ಮುಟ್ಟುತ್ತದೋ, ದಿನಕ್ಕೆ 3 ಗ್ರಾಂ ಹಾಗೆ 28 ದಿನ ಕೊಟ್ಟರೂ ಹೆಚ್ಚುಕಮ್ಮಿ ಅಲ್ಲಿಗೇ ಮುಟ್ಟುತ್ತದೆ. ಮೈತೂಕದ ಕಸರತ್ತು ಮಾಡುವವರಿಗೆ ಈ ನಿಧಾನದ ದಾರಿಯೇ ಸರಿ ಅಂತ ನನ್ನ ಅನಿಸಿಕೆ. ತೂಕ ಒಮ್ಮೆಲೇ ಏರಿ ಬಾರ್ ಕೆಳಗೆ ತಬ್ಬಿಬ್ಬಾಗೋದು ತಪ್ಪುತ್ತದೆ.

ಪುಡಿ ಯಾವುದು ಅಂತ ಕೇಳುವವರಿಗೆ ಉತ್ತರ ಚಿಕ್ಕದು. ಕ್ರಿಯೇಟಿನ್ ಮೊನೊಹೈಡ್ರೇಟ್. ಸಂಶೋಧನೆ ಬಹುಪಾಲು ಅದರ ಮೇಲೇ ಆಗಿರುವುದು, ಅಗ್ಗವೂ ಅದೇ. ಡಬ್ಬಿಯಲ್ಲಿ ಅದೊಂದೇ ಇರಲಿ. ಹತ್ತು ಹೆಸರಿನ ಮಿಶ್ರಣವಾಗಿದ್ದರೆ ಯಾವುದು ಎಷ್ಟು ಅಂತ ತಿಳಿಯಲ್ಲ. ಎಫ್‌ಎಸ್‌ಎಸ್‌ಎಐ ನಂಬರ್ ನೋಡಿ, ಬ್ಯಾಚ್ ಪರೀಕ್ಷೆಯ ವರದಿ ಕೊಡುವ ಕಂಪನಿಯದಾದರೆ ಇನ್ನೂ ಒಳ್ಳೆಯದು. ಕ್ರಿಯೇಟಿನ್ ಕ್ರೀಡೆಯ ನಿಷೇಧಿತ ಪಟ್ಟಿಯಲ್ಲಿ ಇಲ್ಲ, ಆದರೆ ಅದರ ಜೊತೆ ಬೆರೆಸಿದ್ದು ಇರಬಹುದು. ಸ್ಕೂಪ್ ಅನ್ನು ಒಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿಟ್ಟು ನೋಡಿ. ಗುಡ್ಡೆ ಹಾಕಿ ತುಂಬಿದ್ದಕ್ಕೂ ಚಾಕುವಿನಿಂದ ಸಮ ಮಾಡಿದ್ದಕ್ಕೂ ವ್ಯತ್ಯಾಸ ಇರುತ್ತದೆ. ತಣ್ಣೀರಿನಲ್ಲಿ ಇದು ಸರಿಯಾಗಿ ಕರಗಲ್ಲ, ತಳದಲ್ಲಿ ಮರಳಿನ ಹಾಗೆ ಉಳಿಯುತ್ತದೆ. ಉಗುರುಬೆಚ್ಚಗಿನ ನೀರು ದೊಡ್ಡ ಲೋಟದಲ್ಲಿ ತಗೊಂಡರೆ ಸಾಕು. ಬೆಳಿಗ್ಗೆಯೋ ಸಂಜೆಯೋ ಅನ್ನೋದು ದೊಡ್ಡ ವಿಷಯವಲ್ಲ, ದಿನಾ ತಪ್ಪದಿರುವುದು ವಿಷಯ. ಕಲಸಿ ದಿನಗಟ್ಟಲೆ ಇಡಬೇಡಿ. ನೀರಿನಲ್ಲಿ ನಿಂತರೆ ಅದು ನಿಧಾನಕ್ಕೆ ಕ್ರಿಯೇಟಿನಿನ್ ಎಂಬ ಕೆಲಸಕ್ಕೆ ಬಾರದ ವಸ್ತುವಾಗುತ್ತದೆ.

ಪುಶ್ಅಪ್ ಕಥೆ ಪುಲ್ಅಪ್‌ನ ಹಾಗಲ್ಲ. ಇಲ್ಲಿ ಪೂರ್ತಿ ಮೈ ಎತ್ತುವುದಿಲ್ಲ, ಒಂದು ಪಾಲು ಕಾಲು ಹೊರುತ್ತದೆ. ಕೈ ಕೆಳಗೆ ಅಳತೆಯ ಹಲಗೆ ಇಟ್ಟು ನೋಡಿದ ಅಧ್ಯಯನಗಳಿವೆ. ಮಾಮೂಲಿ ಪುಶ್ಅಪ್‌ನಲ್ಲಿ ಕೈಗೆ ಬೀಳುವುದು ಮೈತೂಕದ ಸುಮಾರು 64 ಶೇಕಡಾ. ಮೊಣಕಾಲೂರಿ ಮಾಡಿದರೆ 49, ಪಾದವನ್ನು ಎರಡಡಿ ಎತ್ತರದ ಬೆಂಚಿನ ಮೇಲಿಟ್ಟರೆ 74. ಕೆಳಗೆ ಇಳಿದಾಗ ಭಾರ ಇನ್ನೂ ಸ್ವಲ್ಪ ಜಾಸ್ತಿ ಆಗುತ್ತದೆ, ಆದರೆ ನೋಟ್‌ಬುಕ್‌ಗೆ ಅಷ್ಟು ಸೂಕ್ಷ್ಮ ಬೇಡ. ನಮ್ಮ ಹುಡುಗನಿಗೆ ಏರಿದ ಒಂದೂವರೆ ಕೆಜಿಯಲ್ಲಿ ಪುಶ್ಅಪ್‌ಗೆ ತಟ್ಟುವುದು ಒಂದೇ ಕೆಜಿ. ಹಾಗಾಗಿ ತೂಕದ ಕಾಟ ಇಲ್ಲಿ ಕಮ್ಮಿ.

ಅಂದಮೇಲೆ ಪುಶ್ಅಪ್‌ನಲ್ಲಿ ಲಾಭ ಎದ್ದು ಕಾಣಬೇಕು ಅಲ್ವಾ? ಕಾಣಲ್ಲ, ನೋಡುವ ಜಾಗ ತಪ್ಪಿದರೆ. ಮೂವತ್ತು ನಲವತ್ತು ಪುಶ್ಅಪ್ ತೆಗೆಯುವವನ ಮೊದಲ ಸೆಟ್ ಮುಗಿಯಲು ಒಂದು ನಿಮಿಷದ ಹತ್ತಿರ ಬೇಕು. ಫಾಸ್ಫೋಕ್ರಿಯೇಟಿನ್‌ನ ಆಟ ಮೊದಲ ಹತ್ತು ಸೆಕೆಂಡಿನಲ್ಲೇ ಮುಕ್ಕಾಲು ಮುಗಿದಿರುತ್ತದೆ. ಉಳಿದದ್ದು ಉರಿ, ಉಸಿರು, ಹಠ. ಹಾಗಾಗಿ ಒಂದೇ ಉಸಿರಿಗೆ ಎಷ್ಟು ತೆಗೆಯುತ್ತೀರಿ ಅನ್ನುವ ಸಂಖ್ಯೆಗೆ ಕ್ರಿಯೇಟಿನ್ ಕೊಡುವುದು ಬಹಳ ಕಮ್ಮಿ. ಅದು ಕಾಣುವುದು ಮೂರನೇ, ನಾಲ್ಕನೇ ಸೆಟ್‌ನಲ್ಲಿ. ಸೆಟ್‌ಗಳ ನಡುವೆ ಎಷ್ಟು ಚೇತರಿಸಿಕೊಂಡಿರಿ ಅನ್ನೋದರಲ್ಲಿ.

ಅದನ್ನು ಹಿಡಿಯಲು ಐದು ಸೆಟ್‌ನ ಪರೀಕ್ಷೆ ಮಾಡಿ. ಪ್ರತಿ ಸೆಟ್ ಆದಷ್ಟೂ, ನಡುವೆ ಗಡಿಯಾರ ಹಿಡಿದು ಒಂದೂವರೆ ನಿಮಿಷ ವಿಶ್ರಾಂತಿ. ಇಲ್ಲಿ ಫೋನಿನ ಟೈಮರ್ ಇಲ್ಲದೆ ಆಗಲ್ಲ. ಸುಸ್ತಾದಾಗ ಒಂದೂವರೆ ನಿಮಿಷ ತನಗೆ ತಾನೇ ಎರಡಾಗಿಬಿಡುತ್ತದೆ, ಅಲ್ಲಿಗೆ ಪರೀಕ್ಷೆ ಹಾಳು. ಹುಡುಗನ ಮೊದಲ ಸಲದ ಸಾಲು 38, 24, 18, 14, 12. ಒಟ್ಟು 106. ತಿಂಗಳಾದ ಮೇಲೆ 39, 28, 22, 18, 15. ಒಟ್ಟು 122. ಮೊದಲ ಸೆಟ್ ಒಂದನ್ನೇ ಬರೆದಿಟ್ಟಿದ್ದರೆ ಒಂದು ಪುಶ್ಅಪ್ ಏರಿಕೆ, ಅದೂ ಅವತ್ತು ಚೆನ್ನಾಗಿ ನಿದ್ದೆ ಮಾಡಿದ್ದಕ್ಕೋ ಏನೋ. ಐದನ್ನೂ ಕೂಡಿದರೆ 16. ಏರಿಕೆ ಹೆಚ್ಚುಕಮ್ಮಿ ಎಲ್ಲಾ ಕೊನೆಯ ನಾಲ್ಕು ಸೆಟ್‌ನಲ್ಲಿ ಕೂತಿದೆ. ಪಾಠವೂ ಅಲ್ಲೇ ಇದೆ. ಕ್ರಿಯೇಟಿನ್ ನೇರವಾಗಿ ಬಲ ಕೊಡುವುದಕ್ಕಿಂತ, ಒಂದೇ ಸಂಜೆಯಲ್ಲಿ ಇನ್ನೊಂದಷ್ಟು ರೆಪ್ ಮಾಡಲು ಬಿಡುತ್ತದೆ. ಆ ಹೆಚ್ಚಿನ ರೆಪ್‌ಗಳು ತಿಂಗಳುಗಟ್ಟಲೆ ಸೇರಿ ಬಲ ಕಟ್ಟುತ್ತವೆ. ಪೌಡರ್ ಕುಡಿದು ಅಭ್ಯಾಸ ಮೊದಲಿನಷ್ಟೇ ಇಟ್ಟುಕೊಂಡರೆ ಸಿಗುವುದು ಮುಖ್ಯವಾಗಿ ನೀರು.

ಇಷ್ಟೆಲ್ಲ ಲೆಕ್ಕ ನಿಲ್ಲುವುದು ಅಳತೆ ಪ್ರಾಮಾಣಿಕವಾಗಿದ್ದರೆ ಮಾತ್ರ. ತೂಕ ಬೆಳಿಗ್ಗೆ ಎದ್ದು ಶೌಚಕ್ಕೆ ಹೋಗಿ ಬಂದ ಮೇಲೆ, ಏನೂ ತಿನ್ನದೆ ಕುಡಿಯದೆ ನೋಡಬೇಕು. ಒಂದು ದಿನದ ತೂಕ ನಂಬಬೇಡಿ. ಹಿಂದಿನ ರಾತ್ರಿ ಮದುವೆ ಊಟ ಆಗಿದ್ದರೆ ಉಪ್ಪಿಗೇ ಒಂದು ಕೆಜಿ ಏರಿರುತ್ತದೆ. ವಾರದ ಏಳು ದಿನದ ಸರಾಸರಿ ತೆಗೆದು ಅದನ್ನೇ ಬಳಸಿ. ಕ್ರಿಯೇಟಿನ್‌ನ ಏರಿಕೆಯೇ ಒಂದೆರಡು ಕೆಜಿ, ಅದನ್ನು ಹುಡುಕಲು ಹೊರಟು ಒಂದು ಕೆಜಿ ತಪ್ಪಿನ ಅಳತೆ ಹಿಡಿದರೆ ಏನು ಪ್ರಯೋಜನ?

ಪುಲ್ಅಪ್ ಎಣಿಸುವಾಗ ನಿಯಮ ಮೊದಲೇ ಬರೆದಿಡಿ. ಕೆಳಗೆ ಕೈ ಪೂರ್ತಿ ನೇರ, ಒಂದು ಕ್ಷಣ ನಿಲುಗಡೆ. ಮೇಲೆ ಗಲ್ಲ ಬಾರ್ ದಾಟಬೇಕು. ಕಾಲು ಒದೆಯುವಂತಿಲ್ಲ. ಕೊನೆಯ ಅರ್ಧಂಬರ್ಧ ಎಳೆತ ಲೆಕ್ಕಕ್ಕಿಲ್ಲ. ಹೆಚ್ಚಿನವರ ನೋಟ್‌ಬುಕ್‌ನಲ್ಲಿ ಪ್ರಗತಿ ಅಂತ ಕಾಣುವುದರಲ್ಲಿ ಒಂದು ಪಾಲು ಪ್ರಗತಿಯೇ ಅಲ್ಲ. ವಾರ ವಾರಕ್ಕೆ ಕೈ ಸ್ವಲ್ಪ ಸ್ವಲ್ಪ ಕಮ್ಮಿ ನೇರ ಆಗುತ್ತಾ ಹೋಗಿರುತ್ತದೆ. ಫೋನನ್ನು ಪಕ್ಕಕ್ಕೆ ಒರಗಿಸಿ ವಿಡಿಯೋ ತೆಗೆದರೆ ಗೊತ್ತಾಗುತ್ತದೆ. ಮೊದಲ ತಿಂಗಳದ್ದನ್ನೂ ಈಗಿನದನ್ನೂ ಪಕ್ಕಪಕ್ಕ ನೋಡಿ. ಪುಶ್ಅಪ್‌ಗೆ ಎದೆ ಮುಟ್ಟಲು ಒಂದು ಮಡಿಸಿದ ಟವೆಲ್ ಇಟ್ಟರೆ ಆಳದ ಜಗಳ ಮುಗಿಯಿತು. ಗರಡಿಯ ದಂಡ ಹೊಡೆಯುವವರು ಅದನ್ನು ಪುಶ್ಅಪ್ ಸಾಲಿಗೆ ಸೇರಿಸಬೇಡಿ. ಮೈ ಹಿಂದಿನಿಂದ ಮುಂದಕ್ಕೆ ಜಾರಿ ಏಳುವ ಚಲನೆ ಅದು, ಕೈಗೆ ಬೀಳುವ ಭಾರ ಪ್ರತಿ ಹಂತದಲ್ಲೂ ಬದಲಾಗುತ್ತದೆ. ಅದಕ್ಕೆ ಬೇರೆ ಸಾಲು ಇರಲಿ.

ಪರೀಕ್ಷೆಯನ್ನು ವಾರ ವಾರ ಮಾಡಬೇಡಿ. ಮೂರು ನಾಲ್ಕು ವಾರಕ್ಕೊಮ್ಮೆ ಸಾಕು, ಹಿಂದಿನ ಎರಡು ದಿನ ಕೈಗೆ ವಿಶ್ರಾಂತಿ ಕೊಟ್ಟು, ಅದೇ ಹೊತ್ತಿಗೆ, ಅದೇ ಬಾರ್‌ನಲ್ಲಿ. ದಪ್ಪ ಪೈಪಿನ ಬಾರ್‌ಗೆ ಹೋದರೆ ಬೆನ್ನಿಗಿಂತ ಮುಂಚೆ ಹಿಡಿತ ಸೋಲುತ್ತದೆ. ಎಲ್ಲಕ್ಕಿಂತ ಮುಖ್ಯ, ಡಬ್ಬಿ ತೆಗೆಯುವ ಮುಂಚೆ ಇದೇ ಪರೀಕ್ಷೆಯನ್ನು ಎರಡು ಮೂರು ಸಲ ಮಾಡಿ ಇಟ್ಟುಕೊಳ್ಳಿ. ಪೌಡರ್ ಇಲ್ಲದೆಯೇ ನಿಮ್ಮ ಸಂಖ್ಯೆ ಎಷ್ಟು ಅತ್ತಿತ್ತ ಆಡುತ್ತದೆ ಅಂತ ಗೊತ್ತಿರಬೇಕು. ಸುಮ್ನೆ ಇದ್ದಾಗಲೂ ಒಂದು ಪುಲ್ಅಪ್ ಹಿಂದೆ ಮುಂದೆ ಆಗುತ್ತಿದ್ದರೆ, ಆಮೇಲೆ ಬಂದ ಒಂದಕ್ಕೆ ಬೆಲೆಯಿಲ್ಲ.

ಇಷ್ಟು ಮಾಡಿದರೂ ಹುಡುಗನ ಮೂರೂವರೆ ಕೆಜಿಯಲ್ಲಿ ಕ್ರಿಯೇಟಿನ್‌ನ ಪಾಲೆಷ್ಟು, ಅವನ ಬೆವರಿನ ಪಾಲೆಷ್ಟು ಅಂತ ಬಿಡಿಸಿ ಹೇಳಲು ಬರಲ್ಲ. ಒಬ್ಬನೇ ಮನುಷ್ಯ, ಪೌಡರ್ ಕುಡಿಯದ ಅವನದೇ ಇನ್ನೊಂದು ಪ್ರತಿ ಇಲ್ಲ. ಹಲವು ಅಧ್ಯಯನಗಳನ್ನು ಸೇರಿಸಿ ನೋಡಿದ ರಾಸನ್ ಮತ್ತು ವೋಲೆಕ್ ಅವರ 2003ರ ವಿಮರ್ಶೆ ಒಂದು ಅಂದಾಜು ಕೊಡುತ್ತದೆ. ಬರೀ ತರಬೇತಿ ಮಾಡಿದವರ ಬಲ ಸರಾಸರಿ 12 ಶೇಕಡಾ ಏರಿದರೆ, ಜೊತೆಗೆ ಕ್ರಿಯೇಟಿನ್ ತಗೊಂಡವರದ್ದು 20 ಏರಿತ್ತು. ಅಂದರೆ ದೊಡ್ಡ ಪಾಲು ಆಗಲೂ ತರಬೇತಿಯದ್ದೇ. ಇನ್ನೂ ಹೊಸಬರಾಗಿ ತಿಂಗಳಿಗೆ ಎರಡೆರಡು ಪುಲ್ಅಪ್ ಏರುತ್ತಿರುವವರು ಕ್ರಿಯೇಟಿನ್ ಪರಿಣಾಮ ಅಳೆಯಲು ಹೋಗುವುದೇ ಬೇಡ, ಆ ಏರಿಕೆಯಲ್ಲಿ ಅದು ಮುಳುಗಿಹೋಗುತ್ತದೆ. ತಿಂಗಳುಗಳಿಂದ ಒಂದೇ ಕಡೆ ನಿಂತವರ ನೋಟ್‌ಬುಕ್‌ನಲ್ಲಿ ಸ್ವಲ್ಪ ಸ್ಪಷ್ಟವಾಗಿ ಕಾಣುತ್ತದೆ.

ಇನ್ನೊಂದು ವಿಷಯ ಹೇಳಲೇಬೇಕು, ಯಾಕೆಂದರೆ ರ್ಯಾಲಿಯ ಹುಡುಗರಿಗೂ ಆಫೀಸಿನ ಹೆಲ್ತ್ ಚೆಕಪ್‌ಗೆ ಹೋಗುವವರಿಗೂ ಇದು ಬರುತ್ತದೆ. ಮೈಯಲ್ಲಿ ಕ್ರಿಯೇಟಿನ್ ಒಡೆದು ಕ್ರಿಯೇಟಿನಿನ್ ಆಗುತ್ತದೆ. ಕಿಡ್ನಿ ಹೇಗಿದೆ ಅಂತ ನೋಡಲು ರಕ್ತದಲ್ಲಿ ಅಳೆಯುವುದೂ ಅದನ್ನೇ. ಪೌಡರ್ ತಗೊಳ್ಳುವವರಲ್ಲಿ ಈ ಸಂಖ್ಯೆ ಸ್ವಲ್ಪ ಮೇಲಿರಬಹುದು, ಕಿಡ್ನಿ ಚೆನ್ನಾಗಿದ್ದರೂ. ವರದಿಯಲ್ಲಿ ದಪ್ಪಕ್ಷರ ನೋಡಿ ಮನೆಯವರೆಲ್ಲ ಗಾಬರಿಯಾಗುತ್ತಾರೆ. ಡಾಕ್ಟರ್‌ಗೆ ಪೌಡರ್ ವಿಷಯ ಮುಚ್ಚಿಡದೆ ಹೇಳಿ. ಅನುಮಾನ ಉಳಿದರೆ ಸಿಸ್ಟಾಟಿನ್ ಸಿ ಎಂಬ ಇನ್ನೊಂದು ರಕ್ತ ಪರೀಕ್ಷೆಯಿದೆ, ಅದಕ್ಕೆ ಕ್ರಿಯೇಟಿನ್ ಅಡ್ಡ ಬರಲ್ಲ. ಆರೋಗ್ಯವಂತರಲ್ಲಿ ದಿನಕ್ಕೆ 3ರಿಂದ 5 ಗ್ರಾಂ ಕಿಡ್ನಿ ಕೆಡಿಸುತ್ತದೆ ಅನ್ನಲು ಆಧಾರ ಸಿಕ್ಕಿಲ್ಲ. ಆದರೆ ಮೊದಲೇ ಕಿಡ್ನಿ ತೊಂದರೆ ಇದ್ದವರು ಡಾಕ್ಟರ್ ಕೇಳದೆ ಮುಟ್ಟಲೇಬಾರದು. ಬಿಪಿ, ಶುಗರ್ ಇರುವವರೂ ಮೊದಲು ಪರೀಕ್ಷೆ ಮಾಡಿಸಿಕೊಳ್ಳಿ.

ಎರಡು ತಿಂಗಳು ದಿನಾ ತಪ್ಪದೆ ತಗೊಂಡು, ಅಭ್ಯಾಸವನ್ನೂ ಸರಿಯಾಗಿ ಮಾಡಿ, ಬ್ಯಾಗಿನ ಒಟ್ಟು ಭಾರವೂ ಐದು ಸೆಟ್‌ನ ಮೊತ್ತವೂ ಮೊದಲಿದ್ದಲ್ಲೇ ಇದ್ದರೆ ನಿಲ್ಲಿಸಿಬಿಡಿ. ನಿಮ್ಮ ಸಂಗ್ರಹ ಮೊದಲೇ ತುಂಬಿದ್ದಿರಬಹುದು. ನಿಲ್ಲಿಸಿದ ಮೇಲೆ ಸ್ನಾಯುವಿನ ಮಟ್ಟ ಹಳೆಯ ಜಾಗಕ್ಕೆ ಬರಲು ನಾಲ್ಕರಿಂದ ಆರು ವಾರ ಬೇಕು, ನೀರಿನ ತೂಕವೂ ಅದರ ಜೊತೆಗೇ ಇಳಿಯುತ್ತದೆ. ಆಗಲೂ ತೂಕ ಮತ್ತು ಪರೀಕ್ಷೆ ಬರೆಯುತ್ತಾ ಹೋಗಿ. ಇಳಿಯುವಾಗ ಐದು ಸೆಟ್‌ನ ಮೊತ್ತವೂ ಕುಸಿದರೆ, ಅಲ್ಲಿಯವರೆಗೆ ಪೌಡರ್ ಏನೋ ಮಾಡುತ್ತಿತ್ತು ಅಂತ ಆಗ ಗೊತ್ತಾಗುತ್ತದೆ.